ಚೀಲಕ್ಕೆ ರೂಪಾಯಿಯಿಂದ ಪೌಂಡಿಗೆ ಸೆಂಟ್‌ವರೆಗೆ: ಕಾಫಿ ಕೊಟೇಶನ್ ಲೆಕ್ಕದ ಮೂರು ವಿಧಾನಗಳು

ಚಿಕ್ಕಮಗಳೂರಿನ ಒಂದು ಸಣ್ಣ ಕಾಫಿ ರಫ್ತು ಕಚೇರಿಯಲ್ಲಿ ಹೊರದೇಶದ ಖರೀದಿದಾರರಿಗೆ ಇಮೇಲ್ ಮೂಲಕ ದರ ತಿಳಿಸುವ ಕೆಲಸ ನನ್ನದು. ನಮ್ಮೂರಿನಲ್ಲಿ ಕಾಫಿಯ ಬೆಲೆಯನ್ನು 50 ಕಿಲೋ ಚೀಲಕ್ಕೆ ಇಷ್ಟು ರೂಪಾಯಿ ಎಂದು ಮಾತನಾಡುತ್ತೇವೆ. ರಫ್ತಿಗೆ ಹೋಗುವ ಚೀಲದಲ್ಲಿ 60 ಕಿಲೋ ಇರುತ್ತದೆ. ಅಮೆರಿಕದ ಖರೀದಿದಾರರಾದರೋ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯ ರೂಢಿಯಂತೆ ಅರೇಬಿಕಾದ ಬೆಲೆಯನ್ನು ಪೌಂಡಿಗೆ ಇಷ್ಟು ಸೆಂಟ್ ಎಂದೇ ಅಳೆಯುತ್ತಾರೆ. ಈ ದಾರಿಯನ್ನು ದಾಟಲು ನಾನು ಬೇರೆ ಬೇರೆ ಕಾಲದಲ್ಲಿ ಮೂರು ವಿಧಾನಗಳನ್ನು ಬಳಸಿದ್ದೇನೆ. ದರಗಳು ದಿನವೂ ಬದಲಾಗುವುದರಿಂದ, ಹೋಲಿಕೆ ಸರಿಯಾಗಿರಲೆಂದು ಮೂರಕ್ಕೂ ಒಂದೇ ಮಾದರಿ ಅಂಕಿಗಳನ್ನು ಇಲ್ಲಿ ಇಟ್ಟುಕೊಂಡಿದ್ದೇನೆ: ಸಂಸ್ಕರಣೆ, ಸಾಗಣೆ, ಬಂದರಿನ ಖರ್ಚು ಮತ್ತು ನಮ್ಮ ಲಾಭ ಎಲ್ಲವೂ ಸೇರಿ 50 ಕಿಲೋ ಚೀಲಕ್ಕೆ 27,750 ರೂಪಾಯಿ, ಅಂದರೆ ಕಿಲೋಗೆ 555 ರೂಪಾಯಿ, ಸರಕು 60 ಕಿಲೋದ 320 ಚೀಲ, ಅಂದರೆ ಒಂದು ಕಂಟೇನರ್‌ನಷ್ಟು, 19,200 ಕಿಲೋ. ನಮ್ಮ ಕೈಗೆ ಬರಬೇಕಾದ ಮೊತ್ತ 1,06,56,000 ರೂಪಾಯಿ.

ಮೊದಲು ನಾನು ಮಾಡುತ್ತಿದ್ದುದು ಎಲ್ಲರೂ ಮಾಡುವಂಥದ್ದೇ. ಅಂತರ್ಜಾಲದ ಹುಡುಕು ಪೆಟ್ಟಿಗೆಯಲ್ಲಿ ಡಾಲರ್ ದರ ನೋಡಿ, ಕಿಲೋಗೆ 2.2 ಪೌಂಡ್ ಎಂದು ಹಿಡಿದು, ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಮುಗಿಸುವುದು. ಇದರಲ್ಲಿ ವೇಗವಿದೆ, ಫೋನಿನಲ್ಲಿ ಯಾರಾದರೂ ಅಂದಾಜು ಕೇಳಿದರೆ ಇಂದಿಗೂ ನಾನು ಹೀಗೆಯೇ ಹೇಳುತ್ತೇನೆ. ಆದರೆ ಬರವಣಿಗೆಯ ಕೊಟೇಶನ್‌ಗೆ ಇದು ಸಲ್ಲದು. ಪರದೆಯ ಮೇಲೆ ಕಾಣುವ ಡಾಲರ್ ದರವು ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು. ಆ ದರಕ್ಕೆ ನಮ್ಮ ಡಾಲರನ್ನು ಯಾವ ಬ್ಯಾಂಕೂ ಕೊಳ್ಳುವುದಿಲ್ಲ. ರಫ್ತುದಾರನಿಗೆ ಸಿಗುವುದು ಬ್ಯಾಂಕಿನ ಟಿಟಿ ಬೈಯಿಂಗ್ ದರ, ಮತ್ತು ಅದು ಯಾವಾಗಲೂ ಸ್ವಲ್ಪ ಕಡಿಮೆಯೇ. ಪರದೆಯಲ್ಲಿ 85.00 ಇದ್ದು ಬ್ಯಾಂಕ್ 84.40 ಕೊಡುತ್ತದೆ ಎಂದುಕೊಳ್ಳೋಣ. 85ರಿಂದ ಭಾಗಿಸಿದರೆ ಸರಕಿನ ಬೆಲೆ 1,25,364.71 ಡಾಲರ್ ಎಂದು ಬರುತ್ತದೆ. ಆ ಡಾಲರ್‌ಗಳನ್ನು ಬ್ಯಾಂಕು 84.40ಕ್ಕೆ ರೂಪಾಯಿ ಮಾಡಿ ಕೊಟ್ಟಾಗ ಬೇಕಾದುದಕ್ಕಿಂತ ಸುಮಾರು 75,200 ರೂಪಾಯಿ ಕಡಿಮೆ ಬೀಳುತ್ತದೆ. ಅರವತ್ತು ಪೈಸೆಯ ವ್ಯತ್ಯಾಸ ಒಂದು ಕಂಟೇನರ್‌ನಲ್ಲಿ ಇಷ್ಟು ದೊಡ್ಡದಾಗುತ್ತದೆ ಎಂಬುದು ನನಗೆ ಬ್ಯಾಂಕಿನ ಜಮೆ ಚೀಟಿ ಕೈಗೆ ಬಂದಾಗಲೇ ಅರಿವಾಯಿತು.

2.2ರ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಒಂದು ಪೌಂಡ್ ಎಂದರೆ ನಿಖರವಾಗಿ 0.45359237 ಕಿಲೋ, ಆದ್ದರಿಂದ ಕಿಲೋಗೆ 2.2046 ಪೌಂಡ್. ದರ ಮತ್ತು ತೂಕ ಎರಡಕ್ಕೂ 2.2 ಎಂದೇ ಹಿಡಿದರೆ ಒಟ್ಟು ಮೊತ್ತ ಕೆಡುವುದಿಲ್ಲ, ಏಕೆಂದರೆ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ. ಕೆಡುವುದು ಒಂದು ಕಡೆ ನಿಖರ ಅಂಕಿ, ಇನ್ನೊಂದು ಕಡೆ 2.2 ಬಂದಾಗ. ನನಗೆ ಆದದ್ದೂ ಅದೇ: ಪೌಂಡಿನ ದರವನ್ನು ಸರಿಯಾಗಿ ಲೆಕ್ಕ ಹಾಕಿ, ಒಟ್ಟು ತೂಕವನ್ನು ಮಾತ್ರ ಹಳೆಯ ಅಭ್ಯಾಸದಂತೆ 42,240 ಪೌಂಡ್ ಎಂದು ಬರೆದಿದ್ದೆ. ನಿಜವಾದ ತೂಕ 42,328.75 ಪೌಂಡ್. ಸುಮಾರು 89 ಪೌಂಡ್ ಕಾಫಿಯ ಬೆಲೆ, ಇಲ್ಲಿನ ಮಾದರಿ ದರದಲ್ಲಿ 265 ಡಾಲರ್‌ನಷ್ಟು, ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಎರಡನೆಯ ವಿಧಾನವಾಗಿ, ಗೂಗಲ್ ಶೀಟ್ಸ್‌ನಲ್ಲಿ ಡಾಲರ್ ದರ ತಾನಾಗಿಯೇ ಬಂದು ಕೂರುವಂತೆ `=GOOGLEFINANCE("CURRENCY:USDINR")` ಎಂಬ ಸೂತ್ರವನ್ನು ಹಾಕಿಕೊಂಡೆ. ತೂಕದ ಪರಿವರ್ತನೆಗೂ ಅಲ್ಲಿ `CONVERT` ಇರುವುದರಿಂದ 2.2ರ ತೊಂದರೆ ಅಂದಿಗೆ ಮುಗಿಯಿತು. ಆದರೆ ದರ ಇಲ್ಲಿಯೂ ಬ್ಯಾಂಕಿನದಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಕೋಶ ಜೀವಂತವಾಗಿರುತ್ತದೆ. ಸೋಮವಾರ ಕಳುಹಿಸಿದ ಕೊಟೇಶನ್ ಬಗ್ಗೆ ಖರೀದಿದಾರರು ಗುರುವಾರ ಪ್ರಶ್ನೆ ಕೇಳಿದಾಗ ನಾನು ಹಾಳೆ ತೆರೆದೆ; ಅಲ್ಲಿದ್ದ ಬೆಲೆ ನಾನು ಕಳುಹಿಸಿದ ಬೆಲೆಯಾಗಿರಲಿಲ್ಲ. ಯಾವ ದರದಲ್ಲಿ ಲೆಕ್ಕ ಮಾಡಿದ್ದೆ ಎಂಬುದಕ್ಕೆ ನನ್ನ ಬಳಿ ದಾಖಲೆಯೇ ಉಳಿದಿರಲಿಲ್ಲ. ಮಾರುಕಟ್ಟೆ ಯಾವ ಕಡೆ ಸಾಗುತ್ತಿದೆ ಎಂದು ನೋಡುವುದಕ್ಕೆ ಈ ಹಾಳೆ ಚೆನ್ನಾಗಿದೆ, ಆದರೆ ಮಾತು ಕೊಡುವುದಕ್ಕೆ ತಕ್ಕುದಲ್ಲ.

ಈಗ ಮೂರನೆಯ ವಿಧಾನದಲ್ಲಿ ನೆಲೆಸಿದ್ದೇನೆ. ಬೆಳಿಗ್ಗೆ ಬ್ಯಾಂಕಿಗೆ ಫೋನ್ ಮಾಡಿ ಅಂದಿನ ಟಿಟಿ ಬೈಯಿಂಗ್ ದರ ಕೇಳಿ, ಅದನ್ನು ನಾನೇ ಕೈಯಾರೆ ಟೈಪ್ ಮಾಡಿ, ಪಕ್ಕದಲ್ಲಿ ದಿನಾಂಕ ಬರೆಯುತ್ತೇನೆ. ಪ್ರತಿ ಕೊಟೇಶನ್‌ಗೂ ಹಾಳೆಯ ಹೊಸ ಪ್ರತಿ ಇರುತ್ತದೆ. ಚೀಲದ ದರವನ್ನು ಮೊದಲ ಹೆಜ್ಜೆಯಲ್ಲೇ 50ರಿಂದ ಭಾಗಿಸಿ ಕಿಲೋಗೆ ತಂದುಬಿಡುತ್ತೇನೆ, ಆಮೇಲೆ ಚೀಲ ಎಂಬ ಮಾತನ್ನೇ ಲೆಕ್ಕದಲ್ಲಿ ತರುವುದಿಲ್ಲ. ಏಕೆಂದರೆ ರಫ್ತಿನ ಚೀಲವೆಂದು ತಿಳಿದು 60ರಿಂದ ಭಾಗಿಸಿದರೆ ಕಿಲೋ ದರ 462.50 ಆಗಿ, ಆರರಲ್ಲಿ ಒಂದು ಪಾಲು ಬೆಲೆಯೇ ಮಾಯವಾಗುತ್ತದೆ. B1ರಲ್ಲಿ ಕಿಲೋ ದರ, B2ರಲ್ಲಿ ಬ್ಯಾಂಕ್ ದರ ಇದ್ದರೆ ಸೂತ್ರ ಹೀಗಿದೆ:

```
=ROUNDUP(B1*CONVERT(1,"lbm","kg")/B2*100,2)
```

555 ಮತ್ತು 84.40ಕ್ಕೆ ಇದು 298.28 ಸೆಂಟ್ ಕೊಡುತ್ತದೆ. ಅಂಕಿಯನ್ನು ಕೊನೆಯಲ್ಲಿ ಒಂದೇ ಬಾರಿ, ಅದೂ ಮೇಲ್ಮುಖವಾಗಿ ದುಂಡಾಗಿಸುವುದು ಇಲ್ಲಿ ಮುಖ್ಯ. ಪೌಂಡಿಗೆ 2.98 ಡಾಲರ್ ಎಂದು ಅಂದವಾಗಿ ಬರೆಯುವ ಆಸೆ ನನಗೂ ಇತ್ತು. ಆದರೆ ಆ ಬಿಟ್ಟ 0.28 ಸೆಂಟ್ ಇಡೀ ಕಂಟೇನರ್‌ಗೆ ಸುಮಾರು 118 ಡಾಲರ್ ಆಗುತ್ತದೆ.

ಲೆಕ್ಕ ಸರಿಯಾದ ಮೇಲೂ ಇಮೇಲ್‌ನ ಬರವಣಿಗೆಯಲ್ಲಿ ಒಂದು ತೊಡಕು ಎದುರಾಗಿತ್ತು. ಭಾರತದ ಹೊಂದಾಣಿಕೆ ಇರುವ ಗಣಕದಿಂದ ನಕಲು ಮಾಡಿ ಅಂಟಿಸಿದಾಗ ಮೊತ್ತ 1,26,258.20 ಎಂದು ಲಕ್ಷದ ಅಲ್ಪವಿರಾಮದೊಂದಿಗೆ ಹೋಗಿತ್ತು, ಮತ್ತು ಅಂಕಿ ಬಿಟ್ಟುಹೋಗಿದೆಯೇ ಎಂದು ಖರೀದಿದಾರರು ಕೇಳಿ ಬರೆದಿದ್ದರು. ಹಾಗಾಗಿ ಈಗ ಆ ಸಾಲುಗಳನ್ನು ಅಂಟಿಸದೆ ಹೀಗೆ ಬರೆಯುತ್ತೇನೆ:

```
Net weight: 320 bags x 60 kg = 19,200 kg (42,328.75 lb)
Price: 298.28 US cents/lb (USD 2.9828/lb), FOB New Mangalore
Total: USD 126,258.20
```

ಸೆಂಟ್ ಮತ್ತು ಡಾಲರ್ ಎರಡನ್ನೂ ಬರೆಯುವುದರಿಂದ ದಶಮಾಂಶ ಬಿಂದು ಎಲ್ಲಿದೆ ಎಂಬ ಸಂಶಯ ಹುಟ್ಟುವುದಿಲ್ಲ. ಈ ಮೊತ್ತವನ್ನು 84.40ರಿಂದ ಗುಣಿಸಿ ಹಿಂದಕ್ಕೆ ಬಂದರೆ 1,06,56,192 ರೂಪಾಯಿ ಸಿಗುತ್ತದೆ, ಅಂದರೆ ಬೇಕಾದುದಕ್ಕಿಂತ 192 ರೂಪಾಯಿ ಹೆಚ್ಚು. ಕಳುಹಿಸುವ ಮುನ್ನ ಈ ಹಿಮ್ಮುಖ ಲೆಕ್ಕವನ್ನು ಮಾಡಿಯೇ ಮಾಡುತ್ತೇನೆ. ವ್ಯತ್ಯಾಸ ಸಾವಿರಗಳಲ್ಲಿ ಬಂದರೆ ಎಲ್ಲೋ ಒಂದು ಅಳತೆ ತಪ್ಪಿದೆ ಎಂದೇ ಅರ್ಥ.

ಈ ವಿಧಾನಕ್ಕೂ ಮಿತಿಯಿದೆ. ಬ್ಯಾಂಕು ಹೇಳಿದ್ದು ಅಂದಿನ ದರ, ಹಣ ಬರುವುದು ವಾರಗಳ ನಂತರ. ಆದ್ದರಿಂದ ಕೊಟೇಶನ್ ಎಷ್ಟು ಗಂಟೆ ಜಾರಿಯಲ್ಲಿರುತ್ತದೆ ಎಂಬುದನ್ನು ಬರೆಯುತ್ತೇನೆ, ಮತ್ತು ಒಪ್ಪಂದ ಖಚಿತವಾದ ದಿನವೇ ಬ್ಯಾಂಕಿನೊಡನೆ ಫಾರ್ವರ್ಡ್ ದರ, ಅಂದರೆ ಮುಂದೆ ಬರುವ ಡಾಲರ್‌ಗೆ ಇಂದೇ ನಿಗದಿಯಾಗುವ ದರ, ಕಟ್ಟಿಕೊಳ್ಳುವ ಬಗ್ಗೆ ಮಾತನಾಡುತ್ತೇನೆ. ಇನ್ನು ರೊಬಸ್ಟಾವನ್ನು ಯುರೋಪಿಗೆ ಕಳುಹಿಸುವಾಗ ಪೌಂಡಿನ ಗೋಜೇ ಇಲ್ಲ. ಲಂಡನ್ ಮಾರುಕಟ್ಟೆಯ ಬೆಲೆ ಟನ್ನಿಗೆ ಡಾಲರ್‌ನಲ್ಲಿರುವುದರಿಂದ ಕಿಲೋ ದರವನ್ನು ಸಾವಿರದಿಂದ ಗುಣಿಸಿ ಬ್ಯಾಂಕ್ ದರದಿಂದ ಭಾಗಿಸಿದರೆ ಸಾಕು. ಅಲ್ಲಿ ನಾನು ಎಚ್ಚರ ವಹಿಸುವುದು ಎರಡೇ ವಿಷಯಗಳಲ್ಲಿ. ಟನ್ ಎಂದಷ್ಟೇ ಬರೆಯದೆ 1,000 ಕಿಲೋ ಎಂದು ಬಿಡಿಸಿ ಬರೆಯುತ್ತೇನೆ, ಏಕೆಂದರೆ ಅಮೆರಿಕದ ಟನ್ 907 ಕಿಲೋ ಮಾತ್ರ. ಮತ್ತು ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ಇಟಲಿ, ಜರ್ಮನಿಯವರಿಗೆ 4.150 ಎಂಬುದು ನಾಲ್ಕು ಸಾವಿರದ ನೂರೈವತ್ತು ಎಂದು ಕಾಣುವುದರಿಂದ, ಬಿಂದುವಿನ ನಂತರ ಮೂರು ಅಂಕಿಗಳನ್ನು ಅವರಿಗೆ ಎಂದೂ ಬರೆಯುವುದಿಲ್ಲ.