ಮುಂಬಾಗಿಲಿನ ಬೀಗ: ಮಾರ್ಟಿಸ್ 7 ವರ್ಷ, ರಿಮ್ ಲಾಕ್ 5 ವರ್ಷ, ಜೊತೆಗೆ ಅಣ್ಣನ ಮನೆಯ ಡೆಡ್‌ಬೋಲ್ಟ್

ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. 2012ರಲ್ಲಿ ಬಂದೆವು. ಮುಂಬಾಗಿಲು ತೇಗದ ವೆನೀರ್ ಅಂಟಿಸಿದ ಫ್ಲಶ್ ಡೋರ್, ಚೌಕಟ್ಟು ಗಟ್ಟಿ ಮರದ್ದು. ಬಿಲ್ಡರ್ ಹಾಕಿಸಿಕೊಟ್ಟಿದ್ದು ಮಾರ್ಟಿಸ್ ಲಾಕ್. ಅದನ್ನು 7 ವರ್ಷ ಬಳಸಿ, 2019ರಲ್ಲಿ ರಿಮ್ ಲಾಕ್ ಹಾಕಿಸಿದೆ. ಈಗ ಅದಕ್ಕೂ 5 ವರ್ಷ ದಾಟಿದೆ. ಅಣ್ಣ ಕೆಲವು ವರ್ಷ ನ್ಯೂಜೆರ್ಸಿಯಲ್ಲಿದ್ದ. ಅಲ್ಲಿಯ ಮನೆಗಳಲ್ಲಿ ನೋಡಿ ಇಷ್ಟಪಟ್ಟಿದ್ದ ಡೆಡ್‌ಬೋಲ್ಟನ್ನೇ 2021ರಲ್ಲಿ ತನ್ನ ಮೈಸೂರಿನ ಫ್ಲ್ಯಾಟಿಗೆ ಹಾಕಿಸಿಕೊಂಡ. ಆ ಮನೆಯಲ್ಲೂ ನಾನು ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಹಾಗಾಗಿ ಮೂರರ ಜೊತೆಗೂ ದಿನ ಕಳೆದ ಅನುಭವ ಇದೆ.

ಮೂರಕ್ಕೂ ಏನು ವ್ಯತ್ಯಾಸ ಅಂತ ಮೊದಲು ಹೇಳಿಬಿಡುತ್ತೇನೆ. ಮಾರ್ಟಿಸ್ ಲಾಕಿನ ಪೆಟ್ಟಿಗೆ ಬಾಗಿಲಿನ ಒಳಗೇ ಕೂರುತ್ತದೆ. ಬಾಗಿಲಿನ ಅಂಚಿನಲ್ಲಿ ಉಳಿ ಹೊಡೆದು ಅದಕ್ಕೊಂದು ಗೂಡು ತೆಗೆಯಬೇಕು. ಹೊರಗೆ ಕಾಣೋದು ಹ್ಯಾಂಡಲ್ ಮತ್ತು ಕೀ ತೂತು ಮಾತ್ರ. ರಿಮ್ ಲಾಕಿನ ಪೆಟ್ಟಿಗೆಯನ್ನು ಬಾಗಿಲಿನ ಒಳಮೈ ಮೇಲೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಮರಕ್ಕೆ ಬೀಳೋದು ಕೀ ಹೋಗುವ ಸಿಲಿಂಡರಿನ ಒಂದು ತೂತು ಅಷ್ಟೇ. ಡೆಡ್‌ಬೋಲ್ಟ್‌ಗೆ ಬಾಗಿಲಿನ ಮುಖದಲ್ಲಿ ಒಂದು ದೊಡ್ಡ ದುಂಡು ತೂತು, ಅಂಚಿನಿಂದ ಒಂದು ಸಣ್ಣ ತೂತು. ಕೀ ಅಥವಾ ಒಳಗಡೆ ಬೆರಳಲ್ಲೇ ಹಿಡಿದು ತಿರುಗಿಸುವ ತಿರುಪು ತಿರುಗಿಸಿದರೆ ಸುಮಾರು ಒಂದು ಇಂಚು ಉದ್ದದ ಬೋಲ್ಟ್ ಚೌಕಟ್ಟಿನೊಳಗೆ ಹೋಗುತ್ತದೆ. ಅದರಲ್ಲಿ ಸ್ಪ್ರಿಂಗ್ ಇಲ್ಲ. ತಳ್ಳಿದರೆ ಹಿಂದಕ್ಕೆ ಸರಿಯುವುದಿಲ್ಲ.

ಅಂಗಡಿಗೆ ಹೋದರೆ ನಿಮಗೆ ತೋರಿಸೋದು ಹ್ಯಾಂಡಲಿನ ಅಂದ, ಪಾಲಿಶ್, ಎಷ್ಟು ಕೀ ಬರುತ್ತೆ ಅನ್ನೋದು. ನಾನು ಮೊದಲು ಕೇಳೋ ಪ್ರಶ್ನೆ ಒಂದೇ. ಬೀಗ ಹಾಕಿದ ಮೇಲೆ ಬಾಗಿಲಿನಲ್ಲಿ ಎಷ್ಟು ಮರ ಉಳಿಯುತ್ತೆ? ಇದನ್ನು ನನಗೆ ಕಲಿಸಿದ್ದು ನಮ್ಮ ಹಳೇ ಮಾರ್ಟಿಸ್ ಲಾಕ್.

2018ರ ಮಳೆಗಾಲದಲ್ಲಿ ಹ್ಯಾಂಡಲ್ ಸಡಿಲವಾಗತೊಡಗಿತು. ಸ್ಕ್ರೂ ಬಿಗಿ ಮಾಡಿದರೆ ಒಂದು ವಾರ ಸರಿ ಇರುತ್ತಿತ್ತು, ಮತ್ತೆ ಅಲುಗಾಡುತ್ತಿತ್ತು. ಸ್ವಲ್ಪ ದಿನದಲ್ಲಿ ಹ್ಯಾಂಡಲಿನ ಪಟ್ಟಿಯ ಕೆಳಗಿನಿಂದ ವೆನೀರಿನ ಮೇಲೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಬೆರಳಿಂದ ಒತ್ತಿದರೆ ಆ ಜಾಗ ಒಳಗೆ ಬಾಗುತ್ತಿತ್ತು. ಆಚಾರಿಯನ್ನು ಕರೆಸಿದೆ. ಅವರು ಲಾಕಿನ ಪೆಟ್ಟಿಗೆಯನ್ನು ಹೊರಗೆ ಎಳೆದು, ಟಾರ್ಚ್ ಹಾಕಿ ಗೂಡಿನೊಳಗೆ ನೋಡಿದರು. "ಅಕ್ಕ, ಇಲ್ಲಿ ಮರ ಎಲ್ಲಿದೆ? ಬರೀ ಸಿಪ್ಪೆ ಉಳಿದಿದೆ" ಅಂದರು.

ಅಳೆದು ನೋಡಿದೆವು. ಬಾಗಿಲಿನ ದಪ್ಪ 35 ಮಿಲಿಮೀಟರ್. ಪೆಟ್ಟಿಗೆಯ ದಪ್ಪ 16. ಸರಿಯಾಗಿ ಗೂಡು ತೆಗೆದಿದ್ದರೆ 17 ಸಾಕಿತ್ತು, ಎರಡೂ ಕಡೆ 9 ಮಿಲಿಮೀಟರ್ ಮರ ಉಳಿಯುತ್ತಿತ್ತು. ಬಿಲ್ಡರ್ ಕಡೆಯ ಕೆಲಸಗಾರರು ಅವಸರದಲ್ಲಿ 23 ಮಿಲಿಮೀಟರ್ ಅಗಲ ಹೊಡೆದುಬಿಟ್ಟಿದ್ದರು. ಅದೂ ನಡುವಿನಲ್ಲಲ್ಲ, ಹೊರಗಿನ ಕಡೆಗೆ ವಾಲಿಕೊಂಡು. ಹೊರಗಡೆ ಉಳಿದದ್ದು 4 ಮಿಲಿಮೀಟರ್. ಆ 4 ಮಿಲಿಮೀಟರಿನಲ್ಲೇ ಹ್ಯಾಂಡಲಿಗೊಂದು ತೂತು, ಸಿಲಿಂಡರಿಗೊಂದು ತೂತು, ಸ್ಕ್ರೂಗಳು. ಅಷ್ಟು ವರ್ಷ ನಾವು ಆ ಸಿಪ್ಪೆಯ ಮೇಲೆ ಭರವಸೆ ಇಟ್ಟು ಮಲಗಿದ್ದೆವು. ನಿಜಕ್ಕೂ ಅವತ್ತು ಹೊಟ್ಟೆಯಲ್ಲಿ ಸಂಕಟ ಆಯಿತು. ಬೀಗ ಚೆನ್ನಾಗಿಯೇ ಇತ್ತು. ಅದನ್ನು ಹಿಡಿದುಕೊಳ್ಳುವ ಬಾಗಿಲೇ ಸೋತಿತ್ತು.

ಹಾಗಂತ ಮಾರ್ಟಿಸ್ ಕೆಟ್ಟದ್ದಲ್ಲ. ಅದರ ಅನುಕೂಲ ಇವತ್ತಿಗೂ ನೆನಪಾಗುತ್ತೆ. ಹ್ಯಾಂಡಲ್ ಒತ್ತಿದರೆ ಬಾಗಿಲು ತೆಗೆಯುತ್ತೆ, ಎಳೆದುಕೊಂಡರೆ ತಾನೇ ಮುಚ್ಚಿಕೊಂಡು ನಿಲ್ಲುತ್ತೆ. ಹೊರಗಿನ ಹ್ಯಾಂಡಲೂ ಕೆಲಸ ಮಾಡುವ ಮಾದರಿಯಾದರೆ, ಗಾಳಿಗೆ ಬಾಗಿಲು ಬಿದ್ದರೂ ನೀವು ಹೊರಗೆ ಉಳಿಯುವುದಿಲ್ಲ. ಸಿಲಿಂಡರ್ ಸವೆದರೆ ಅಂಚಿನ ಪಟ್ಟಿಯಲ್ಲಿರುವ ಒಂದೇ ಉದ್ದ ಸ್ಕ್ರೂ ಬಿಚ್ಚಿ ಅದನ್ನು ಮಾತ್ರ ಬದಲಾಯಿಸಬಹುದು. ಆದರೆ ಸಿಲಿಂಡರಿನ ಅಳತೆ ಬಾಗಿಲಿಗೆ ಹೊಂದಬೇಕು. ಹೊರಗಿನ ಪಟ್ಟಿಯಿಂದ 3 ಮಿಲಿಮೀಟರಿಗಿಂತ ಜಾಸ್ತಿ ಚಾಚಿಕೊಂಡಿದ್ದರೆ ಇಕ್ಕಳ ಹಾಕಿ ಹಿಡಿದು ಮುರಿಯಲು ಸುಲಭ. ಸಿಲಿಂಡರಿನ ನಡುಭಾಗ, ಆ ಸ್ಕ್ರೂ ಹೋಗುವ ಜಾಗವೇ, ಅದರ ಅತೀ ತೆಳು ಜಾಗ.

ಇನ್ನೊಂದು ತಾಪತ್ರಯವನ್ನು ನಾನೇ ಅನುಭವಿಸಿದ್ದೇನೆ. ನಮ್ಮದು ಎರಡೂ ಕಡೆ ಕೀ ಹಾಕುವ ಸಿಲಿಂಡರ್. ಒಂದು ರಾತ್ರಿ ಅಮ್ಮ ಒಳಗಿನಿಂದ ಬೀಗ ಹಾಕಿ ಕೀ ಅಲ್ಲೇ ಬಿಟ್ಟು ಮಲಗಿದ್ದರು. ನಾನು ಆಫೀಸಿನಿಂದ 11 ಗಂಟೆಗೆ ಬಂದೆ. ಒಳಗೆ ಕೀ ಇದ್ದರೆ ಇಂಥ ಸಿಲಿಂಡರಿಗೆ ಹೊರಗಿನ ಕೀ ಪೂರ್ತಿ ಹೋಗುವುದೇ ಇಲ್ಲ. ಬೆಲ್ ಹೊಡೆದು, ಫೋನ್ ಮಾಡಿ, ಅರ್ಧ ಗಂಟೆ ನಿಂತೆ. ಅವರು ಎದ್ದು ಬರುವವರೆಗೆ ಏನಾಯಿತೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ವಯಸ್ಸಾದವರಿರುವ ಮನೆಯಲ್ಲಿ ಒಳಗಡೆ ಕೀ ಬದಲು ತಿರುಪು ಇರುವುದನ್ನೇ ತೆಗೆದುಕೊಳ್ಳಿ. ಬೆಂಕಿ ಬಿದ್ದ ಹೊತ್ತಲ್ಲಿ ಕೀ ಹುಡುಕಲು ಆಗುತ್ತಾ? ಈ ಮಾತು ಮೂರೂ ಬೀಗಗಳಿಗೆ ಅನ್ವಯಿಸುತ್ತೆ.

ಗೂಡು ಹಾಳಾದ ಬಾಗಿಲಿಗೆ ಮತ್ತೊಂದು ಮಾರ್ಟಿಸ್ ಹಾಕಿಸೋದು ಬೇಡ ಅಂದರು ಆಚಾರಿ. ಮುಂದಿನ ವರ್ಷ ಹಳೇ ಗೂಡಿಗೆ ಅಳತೆಗೆ ಕತ್ತರಿಸಿದ ತೇಗದ ತುಂಡು ಅಂಟು ಹಚ್ಚಿ ತುಂಬಿದರು. ಒಂದು ದಿನ ಒಣಗಲು ಬಿಟ್ಟು, ಅದಕ್ಕಿಂತ ಒಂದು ಗೇಣು ಮೇಲೆ ರಿಮ್ ಲಾಕ್ ಕೂರಿಸಿದರು. ಮೂರು ಬೋಲ್ಟಿನದು, ಹೊರಗೆ ಕೀ, ಒಳಗೆ ತಿರುಪು.

ರಿಮ್ ಲಾಕಿನಲ್ಲಿ ಬಹಳ ಜನ ಎಡವೋದು ಸ್ಕ್ರೂ ವಿಷಯದಲ್ಲಿ. ಬೀಗದ ಪೆಟ್ಟಿಗೆ ಬಾಗಿಲ ಮೇಲೆ ಇರುತ್ತೆ, ಬೋಲ್ಟುಗಳು ಹೋಗಿ ಕೂರುವ ಡಬ್ಬಿ ಚೌಕಟ್ಟಿನ ಮೇಲೆ ಇರುತ್ತೆ. ಯಾರಾದರೂ ಭುಜ ಕೊಟ್ಟು ಗುದ್ದಿದರೆ ಪೂರ್ತಿ ಪೆಟ್ಟು ಬೀಳೋದು ಈ ಡಬ್ಬಿಯ ಸ್ಕ್ರೂಗಳ ಮೇಲೆ. ನಮ್ಮ ಪ್ಯಾಕಿನಲ್ಲಿ ಬಂದದ್ದು ಒಂದು ಇಂಚಿನ ಸ್ಕ್ರೂ. ಬಾಗಿಲಿಗೆ ಅದೇ ಸರಿ, ಉದ್ದ ಆದರೆ ಹೊರಗೆ ಇಣುಕುತ್ತೆ. ಚೌಕಟ್ಟಿಗೆ ಮಾತ್ರ ನಾನು ಎರಡು ಇಂಚಿನದು ತರಿಸಿ ಹಾಕಿಸಿದೆ. ಮೊದಲು ಸಣ್ಣ ಡ್ರಿಲ್ ಬಿಟ್ಟಿನಿಂದ ದಾರಿ ಮಾಡಿಕೊಂಡು ಆಮೇಲೆ ತಿರುಗಿಸಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಮರ ಸೀಳುತ್ತೆ, ಹಿಡಿತ ಹೋಗುತ್ತೆ. ಆಚಾರಿ ಸುತ್ತಿಗೆ ಎತ್ತಿಕೊಂಡರೆ ಅಲ್ಲೇ ತಡೆಯಿರಿ.

ನಾನು ಮಾಡಿದ ಒಂದು ತಪ್ಪು ಮಾದರಿ ಆರಿಸಿದ್ದರಲ್ಲಿ. ನಾವು ತಂದದ್ದರಲ್ಲಿ ಮೂರು ಬೋಲ್ಟಿನ ಜೊತೆಗೆ ತಾನೇ ಬೀಳುವ ಒಂದು ಸ್ಪ್ರಿಂಗ್ ನಾಲಗೆಯೂ ಇತ್ತು. ಬಾಗಿಲು ಮುಚ್ಚಿದರೆ ಸಾಕು, ಹೊರಗಿನಿಂದ ಕೀ ಇಲ್ಲದೆ ತೆಗೆಯಲಾಗದು. ಒಂದು ಬೆಳಗ್ಗೆ ಅಮ್ಮ ಹಾಲು ಒಲೆಗಿಟ್ಟು ಕಸದ ಬುಟ್ಟಿ ಹೊರಗಿಡಲು ಹೋದರು. ಬಾಲ್ಕನಿ ಗಾಳಿಗೆ ಬಾಗಿಲು ದಢ್ ಅಂತ ಬಿತ್ತು. ಕೀ ಒಳಗೆ, ಗ್ಯಾಸ್ ಉರಿಯುತ್ತಿದೆ. ಪುಣ್ಯಕ್ಕೆ ಪಕ್ಕದ ಮನೆಯವರ ಹತ್ತಿರ ಒಂದು ಕೀ ಕೊಟ್ಟಿದ್ದೆವು. ಅವತ್ತೇ ಒಳಗಿರುವ ಸಣ್ಣ ಗುಂಡಿ ಒತ್ತಿ ಆ ನಾಲಗೆಯನ್ನು ಹಿಂದಕ್ಕೆ ಹಿಡಿದಿಟ್ಟೆ, ಇವತ್ತಿಗೂ ಹಾಗೇ ಇದೆ. ಈಗ ಕೊಳ್ಳುವುದಾದರೆ ತಿರುಗಿಸಿದರೆ ಮಾತ್ರ ಬೀಳುವ ಬೋಲ್ಟಿನ ಮಾದರಿಯನ್ನೇ ಕೇಳುತ್ತೇನೆ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನಾಲಗೆ ಒತ್ತಿ ನೋಡಿ, ಗೊತ್ತಾಗಿಬಿಡುತ್ತೆ. ಬಾಗಿಲು ಒಳಗೆ ತೆರೆಯುತ್ತಾ, ಹೊರಗೆ ತೆರೆಯುತ್ತಾ, ಎಡವಾ ಬಲವಾ ಅನ್ನೋದನ್ನೂ ಅಲ್ಲೇ ಹೇಳಿ. ಹೊರಗೆ ತೆರೆಯುವ ಬಾಗಿಲಿಗೆ ಮಾಮೂಲಿ ರಿಮ್ ಲಾಕಿನ ಡಬ್ಬಿ ಕೂರುವುದಿಲ್ಲ.

ಅಣ್ಣನ ಡೆಡ್‌ಬೋಲ್ಟ್ ಗಟ್ಟಿತನದಲ್ಲಿ ನನಗೆ ತುಂಬಾ ಹಿಡಿಸಿತು. ಬೋಲ್ಟ್ ಚೌಕಟ್ಟಿನ ಮರದ ಒಳಗೇ ಹೋಗಿ ಕೂರುತ್ತದೆ, ಮೇಲೆ ಅಂಟಿಸಿದ ಡಬ್ಬಿಯನ್ನು ನಂಬಿಕೊಂಡಿಲ್ಲ. ಬಾಗಿಲಿನಿಂದ ಹೋಗುವ ಮರವೂ ಕಡಿಮೆ. ಆದರೆ ಅದೊಂದೇ ಸಾಲುವುದಿಲ್ಲ. ಬೋಲ್ಟ್ ಹಾಕದಿದ್ದರೆ ಬಾಗಿಲು ಮುಚ್ಚಿ ನಿಲ್ಲುವುದೇ ಇಲ್ಲ. ಹಗಲು ಹೊತ್ತು ಪ್ರತಿ ಸಲವೂ ತಿರುಪು ತಿರುಗಿಸಬೇಕು, ಎಳೆಯಲು ಬೇರೆ ಹಿಡಿಕೆ ಬೇಕು. ದುಂಡು ತೂತು 54 ಮಿಲಿಮೀಟರ್ ಅಗಲ. ಅದಕ್ಕೆ ಹೋಲ್ ಸಾ ಅನ್ನೋ ದುಂಡು ಗರಗಸ ಬೇಕು. ಮೊದಲು ಬಂದವರ ಹತ್ತಿರ ಅದು ಇರಲಿಲ್ಲ, ಉಳಿಯಲ್ಲೇ ಮಾಡುತ್ತೇನೆ ಅಂದರು. ಅಣ್ಣ ಒಪ್ಪದೆ ಎರಡು ವಾರ ಕಾದು ಬೇರೆಯವರಿಂದ ಮಾಡಿಸಿದ. ಒಳ್ಳೆಯದನ್ನೇ ಮಾಡಿದ. ಆ ತೂತು ಒಮ್ಮೆ ದೊಡ್ಡದಾದರೆ ಮುಚ್ಚುವ ದಾರಿಯಿಲ್ಲ.

ಮಳೆಗಾಲದ ಬಿಗಿತಕ್ಕೆ ಮೂರೂ ಸಿಕ್ಕಿಬೀಳುತ್ತವೆ. ಕೀ ತಿರುಗದಿದ್ದರೆ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ. ಅದು ಧೂಳು ಹಿಡಿದು ಅಂಟಾಗುತ್ತೆ. ಗ್ರಾಫೈಟ್ ಪುಡಿ ಸಾಕು. ಮೊದಲು ಬಾಗಿಲು ತೆರೆದಿಟ್ಟು ಕೀ ತಿರುಗಿಸಿ. ಆಗ ಸಲೀಸಾಗಿ ತಿರುಗಿದರೆ ತೊಂದರೆ ಬೀಗದ್ದಲ್ಲ. ಬಾಗಿಲು ಮುಚ್ಚಿ, ಹಿಡಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿ. ಸರಿ ಹೋದರೆ ಬಾಗಿಲು ಜೋತಿದೆ, ಮೇಲಿನ ಹಿಂಜಿನ ಸ್ಕ್ರೂ ಸಡಿಲ ಆಗಿದೆ ಅಂತ ಅರ್ಥ. ಅಲ್ಲೂ ಸರಿಹೋಗದಿದ್ದರೆ ಬೋಲ್ಟಿನ ತುದಿಗೆ ಸ್ವಲ್ಪ ಒದ್ದೆ ಕುಂಕುಮ ಹಚ್ಚಿ, ಬಾಗಿಲು ಮುಚ್ಚಿ ತಿರುಗಿಸಿ ನೋಡಿ. ಚೌಕಟ್ಟಿನ ಪಟ್ಟಿಯ ಮೇಲೆ ಕೆಂಪು ಎಲ್ಲಿ ಹತ್ತಿದೆಯೋ ಅಲ್ಲಿ ಉಜ್ಜುತ್ತಿದೆ. ನಮ್ಮದರಲ್ಲಿ ಕೆಳಗಿನ ಅಂಚಿಗೆ ಹತ್ತಿತ್ತು. ಅರದಲ್ಲಿ ಒಂದು ಮಿಲಿಮೀಟರ್ ಉಜ್ಜಿದೆವು, 3 ಮಳೆಗಾಲ ಕಳೆದರೂ ತೊಂದರೆ ಇಲ್ಲ. ಬಾಗಿಲಿಗೆ ಉಜ್ಜುಗೊರಡು ಹಾಕಿಸಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತೆ.

ನನ್ನ ಲೆಕ್ಕದಲ್ಲಿ, 35 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಫ್ಲಶ್ ಡೋರ್ ಇದ್ದರೆ ರಿಮ್ ಲಾಕ್. 40ಕ್ಕಿಂತ ದಪ್ಪದ ಗಟ್ಟಿ ಮರದ ಬಾಗಿಲಾಗಿದ್ದು, ಅಳತೆಗೆ ಗೂಡು ತೆಗೆಯುವ ಆಚಾರಿ ಸಿಕ್ಕರೆ ಮಾರ್ಟಿಸ್. ಈಗಾಗಲೇ ಚೆನ್ನಾಗಿರುವ ಮಾರ್ಟಿಸ್ ಇದ್ದು ರಾತ್ರಿಗೆ ಇನ್ನೊಂದು ಬೇಕು ಅನ್ನಿಸಿದರೆ ಮೇಲೆ ಡೆಡ್‌ಬೋಲ್ಟ್. ಮಾರ್ಟಿಸ್ ಹಾಕಿಸುವವರು ಹೊರಗೆ ಗ್ರಿಲ್ ಬಾಗಿಲು ಇದೆಯಾ ಅಂತಲೂ ನೋಡಿಕೊಳ್ಳಿ. ಎರಡೂ ಬಾಗಿಲ ನಡುವೆ ಹ್ಯಾಂಡಲಿಗೆ ಜಾಗ ಸಾಲದೆ ಗ್ರಿಲ್ ಮುಚ್ಚದೇ ಹೋದ ಮನೆ ನಮ್ಮ ಮಹಡಿಯಲ್ಲೇ ಇದೆ.

ಕಳೆದ ತಿಂಗಳು ಎದುರು ಮನೆಯವರು ಹೊಸ ತೇಗದ ಬಾಗಿಲು ಮಾಡಿಸಿದರು, ಪೂರ್ತಿ 42 ಮಿಲಿಮೀಟರ್. ಮಾರ್ಟಿಸ್ ಹಾಕಿಸಿ ಅಂತ ನಾನೇ ಹೇಳಿದೆ. ಗೂಡು ತೆಗೆಯುವ ದಿನ ಟೇಪು ಹಿಡಿದು ಹೋಗಿ ನಿಂತೆ. ಪೆಟ್ಟಿಗೆ ಒಳಗೆ ಹೋಗುವ ಮೊದಲು ಅಳೆದೆವು. ಎರಡೂ ಕಡೆ 12 ಮಿಲಿಮೀಟರಿಗೆ ಕೂದಲೆಳೆ ಜಾಸ್ತಿ.