ಆಕ್ಸ್‌ಫರ್ಡ್ ಶೂ, ಡರ್ಬಿ ಶೂ: ಮೆಟ್ರೊದಲ್ಲಿ ನಿಂತು ಕಚೇರಿಗೆ ಹೋಗುವವರಿಗೆ ಯಾವುದು?

ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ವರೆಗೆ ನಿಂತೇ ಬಂದು, ಅಲ್ಲಿಂದ ಕಚೇರಿಗೆ ನಡೆಯುವವರ ಪಾದಗಳು ಸಂಜೆಯ ಹೊತ್ತಿಗೆ ತುಸು ಊದಿಕೊಳ್ಳುವುದರಿಂದ, ಶೂ ಆರಿಸುವಾಗ ಲೇಸು ಕಟ್ಟುವ ಭಾಗವನ್ನೇ ಮೊದಲು ನೋಡಬೇಕು. ಆಕ್ಸ್‌ಫರ್ಡ್‌ನಲ್ಲಿ ಲೇಸಿನ ಪಟ್ಟಿಗಳ ಬುಡವನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದಿರುತ್ತಾರೆ. ನೋಟ ಅಚ್ಚುಕಟ್ಟಾಗಿದ್ದರೂ ಲೇಸು ಸಡಿಲಿಸಿದಾಗ ಅದು ಹೆಚ್ಚು ಅಗಲವಾಗದು. ಡರ್ಬಿಯಲ್ಲಿ ಪಟ್ಟಿಗಳು ಮೇಲೆಯೇ ಇದ್ದು ಸರಾಗವಾಗಿ ತೆರೆದುಕೊಳ್ಳುತ್ತವೆ, ಮತ್ತು ಅಲಂಕಾರವಿಲ್ಲದ ಕಪ್ಪು ಡರ್ಬಿ ಸೂಟಿಗೂ ಒಪ್ಪುವುದರಿಂದ ನನ್ನ ಒಲವು ಅದರ ಕಡೆಗೇ. ಚರ್ಮದ ಸೋಲ್ ಒದ್ದೆಯಾದ ನಯವಾದ ಕಲ್ಲುಹಾಸಿನ ಮೇಲೆ ಜಾರುತ್ತದೆಯಾದ್ದರಿಂದ, ಮಳೆಗಾಲದ ಬೆಂಗಳೂರಿಗೆ ರಬ್ಬರ್ ಸೋಲೇ ಸರಿ.

ಸಂಜೆ, ಕಚೇರಿಯ ಕಾಲುಚೀಲ ತೊಟ್ಟು, ನಿಂತುಕೊಂಡೇ ಅಳತೆ ನೋಡಿ: ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಬೇಕು. ಲೇಸು ಬಿಗಿದಾಗ ಅಂಗಡಿಯಲ್ಲೇ ಎರಡೂ ಪಟ್ಟಿಗಳು ಪರಸ್ಪರ ತಾಗಿದರೆ, ಚರ್ಮ ಹಿಗ್ಗಿದ ಮೇಲೆ ಬಿಗಿಯಲು ಜಾಗವೇ ಉಳಿಯದೆ ಹಿಮ್ಮಡಿ ಉಜ್ಜುತ್ತದೆ.