ಬೆಳಗಿನ ಸ್ಟಾಕ್ ರಿಪೋರ್ಟ್ ತಲುಪಿತೇ ಎಂದು ನೋಡಲು ಸ್ವಂತ ಸರ್ವರಾ, ಕ್ಲೌಡ್ ಸೇವೆಯಾ?

ಬೈಕಂಪಾಡಿಯ ಗೇರುಬೀಜದ ಫ್ಯಾಕ್ಟರಿಯೊಂದರಿಂದ ದಿನಾ ಬೆಳಿಗ್ಗೆ 7ಕ್ಕೆ ಡಿಪೋ, ಡೀಲರ್‌ಗಳಿಗೆ ಸ್ಟಾಕ್ ರಿಪೋರ್ಟ್ ಇಮೇಲ್ ಹೋಗುತ್ತದೆ. ಅದನ್ನು ಮೊದಲು ನಮ್ಮದೇ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ನಿಂದ ಕಳಿಸುತ್ತಿದ್ದೆ. ಆಮೇಲೆ ಒಂದು ಕ್ಲೌಡ್ ಇಮೇಲ್ ಸೇವೆಗೆ ಹಾಕಿ ನೋಡಿದೆ.

ಪೋಸ್ಟ್‌ಫಿಕ್ಸ್‌ನಲ್ಲಿ ಎಲ್ಲವೂ ಲಾಗ್‌ನಲ್ಲಿ ಉಂಟು, ಹುಡುಕುವವರು ಬೇಕಷ್ಟೆ.

```
to=<stock@example.com>, dsn=5.1.1, status=bounced
to=<dealer@example.com>, dsn=4.2.2, status=deferred
```

dsn ಸಂಖ್ಯೆ 5ರಿಂದ ಶುರುವಾದರೆ ಪೂರ್ತಿ ನಿರಾಕರಣೆ. 5.1.1 ಅಂದರೆ ಆ ವಿಳಾಸವೇ ಇಲ್ಲ. 4ರಿಂದ ಶುರುವಾದರೆ ತಾತ್ಕಾಲಿಕ, 4.2.2 ಅಂದರೆ ಮೇಲ್‌ಬಾಕ್ಸ್ ತುಂಬಿದೆ. ಇಂಥದ್ದನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಐದು ದಿನ ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ದಿನದ ರಿಪೋರ್ಟಿಗೆ ಐದು ದಿನ ಯಾಕೆ? ಹಳೇ ಸ್ಟಾಕ್ ತಡವಾಗಿ ಸಿಕ್ಕಿದರೆ ಗೊಂದಲವೇ ಜಾಸ್ತಿ. ಹಾಗಾಗಿ `maximal_queue_lifetime` ಅನ್ನು ಆರು ಗಂಟೆಗೆ ಇಳಿಸಿದೆ. ಇನ್ನೊಂದು ಮಾತು: `status=sent` ಅಂದರೆ ಆಚೆಯ ಸರ್ವರ್ ತೆಗೆದುಕೊಂಡಿದೆ ಎಂದಷ್ಟೇ. ಅದು ಆಮೇಲೆ ಸ್ಪ್ಯಾಮ್‌ಗೆ ಹಾಕಿದರೂ ಲಾಗ್‌ಗೆ ಗೊತ್ತಾಗುವುದಿಲ್ಲ.

ಕ್ಲೌಡ್ ಸೇವೆಯಲ್ಲಿ ಲಾಗ್ ಕೆದಕುವ ಕೆಲಸ ಇಲ್ಲ. ಮೇಲ್ ತಲುಪದೆ ಬೌನ್ಸ್ ಆದ ತಕ್ಷಣ ನಮ್ಮ ಪ್ರೋಗ್ರಾಂಗೆ ಸುದ್ದಿ ಬರುತ್ತದೆ. ಆದರೆ ಶಾಶ್ವತ ಬೌನ್ಸ್ ಆದ ವಿಳಾಸವನ್ನು ಅದು ತಡೆಪಟ್ಟಿಗೆ ಹಾಕಿಬಿಡುತ್ತದೆ. ಕಾರ್ಕಳ ಡಿಪೋದ ಗುಮಾಸ್ತರು ಕೆಲಸ ಬಿಟ್ಟಾಗ ಅವರ ಮೇಲ್‌ಬಾಕ್ಸ್ ತೆಗೆದಿದ್ದರು. ಹೊಸಬರು ಬಂದ ಮೇಲೆ ಅದೇ ವಿಳಾಸ ಮತ್ತೆ ಮಾಡಿಕೊಟ್ಟರು. ಬೇರೆ ಮೇಲ್ ಎಲ್ಲ ಬರುತ್ತಿತ್ತು, ರಿಪೋರ್ಟ್ ಮಾತ್ರ ಇಲ್ಲ. ತಡೆಪಟ್ಟಿಯಿಂದ ಹೆಸರು ಅಳಿಸಿದ ಮೇಲೆಯೇ ಸರಿಯಾದದ್ದು. ಪೋಸ್ಟ್‌ಫಿಕ್ಸ್ ಆಗಿದ್ದರೆ ಮರುದಿನವೇ ಹೋಗುತ್ತಿತ್ತು. ಆದರೂ ಬೌನ್ಸ್ ಗಮನಿಸಲು ನನಗೆ ಕ್ಲೌಡ್ ಸೇವೆಯೇ ಸೈ. ದಿನಾ ಲಾಗ್ ಓದುವಷ್ಟು ಪುರುಸೊತ್ತು ಯಾರಿಗುಂಟು?

ಓದದವರ ವಿಷಯದಲ್ಲಿ ಎರಡೂ ದಾರಿ ಅಷ್ಟಕ್ಕಷ್ಟೆ. ಮೇಲ್ ತೆರೆದದ್ದನ್ನು ತಿಳಿಸುವುದು ಅದರೊಳಗಿನ ಕಾಣದ ಚಿತ್ರ, ಅದು ಇಳಿದರೆ ತೆರೆದ ಲೆಕ್ಕ. ಔಟ್‌ಲುಕ್ ಚಿತ್ರಗಳನ್ನು ತಡೆದರೆ ಓದಿದವರೂ ಓದದವರ ಲೆಕ್ಕಕ್ಕೆ ಹೋಗುತ್ತಾರೆ. ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಉಲ್ಟಾ. 2021ರಲ್ಲಿ ಬಂದ ಗೌಪ್ಯತೆ ಸೌಲಭ್ಯ ಆನ್ ಇದ್ದರೆ, ಚಿತ್ರ ತಾನಾಗಿ ಇಳಿದು, ಮುಟ್ಟದ ಮೇಲ್ ಕೂಡ ತೆರೆದಂತೆ ಕಾಣುತ್ತದೆ. ಅದಕ್ಕೆ ಪಿಡಿಎಫ್ ಲಗತ್ತಿಸುವುದು ಬಿಟ್ಟು ಲಿಂಕ್ ಕೊಟ್ಟೆ. ಕ್ಲಿಕ್ ಕೂಡ ನಂಬುವ ಹಾಗಿಲ್ಲ, ಕೆಲವು ಕಂಪನಿಗಳ ಭದ್ರತಾ ಸ್ಕ್ಯಾನರ್‌ಗಳೇ ಲಿಂಕ್ ಒತ್ತಿ ನೋಡುತ್ತವೆ. ಲಾಗಿನ್ ಆಗಿ ರಿಪೋರ್ಟ್ ತೆರೆದರೆ ಮಾತ್ರ ಓದಿದ್ದೆಂದು ಲೆಕ್ಕ.

ಒಂದು ತಿಂಗಳು ತೆರೆಯದವರಿಗೆ ನೇರವಾಗಿ ಫೋನ್. ಕುಂದಾಪುರದ ಡೀಲರ್ ಒಬ್ಬರು ನಕ್ಕರು: "ಒಟ್ಟು ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರ್ತದಲ್ಲ ಮಾರಾಯ್ರೆ, ಇಮೇಲ್ ಯಾರು ನೋಡ್ತಾರೆ?" ಅವರ ಹೆಸರನ್ನು ದಿನದ ಪಟ್ಟಿಯಿಂದ ತೆಗೆದು, ತಿಂಗಳ ಕೊನೆಯ ರಿಪೋರ್ಟಿಗೆ ಮಾತ್ರ ಇಟ್ಟೆ.